ಅತ್ತೆಯ ಜೋಕಿಗೆ ಅತ್ತೆಯೂ ನಗಲಿ

ಆರತಕ್ಷತೆಯಲ್ಲಿ ಮೈಕು ಹಿಡಿದವರು "ಅತ್ತೆ ಊರಿಂದ ಬಂದರು, ಮನೆಯಲ್ಲಿದ್ದ ಬಿಪಿ ಮಾತ್ರೆ ಖಾಲಿ" ಎನ್ನುತ್ತಾರೆ. ಜನ ನಗುತ್ತಾರೆ. ಆ ನಗು ಎಲ್ಲಿ ಶುರುವಾಗುತ್ತದೆ ಎಂದು ಕಿವಿಗೊಟ್ಟು ಕೇಳಿ. ಬಹಳ ಸಲ ಮಾತ್ರೆಯವರೆಗೂ ಹೋಗುವುದೇ ಇಲ್ಲ, "ಅತ್ತೆ" ಎಂದ ಕೂಡಲೇ ಎದ್ದುಬಿಡುತ್ತದೆ. ಅತ್ತೆಯ ಜಾಗದಲ್ಲಿ ನಾದಿನಿಯನ್ನೋ ಆಫೀಸಿನ ಮ್ಯಾನೇಜರನ್ನೋ ಕೂರಿಸಿ ನೋಡಿ, ಜೋಕು ಹಾಗೆಯೇ ನಿಲ್ಲುತ್ತದೆ. ಅಂದರೆ ಅದರಲ್ಲಿ ಆ ಮನೆಯ ಅತ್ತೆ ಇಲ್ಲವೇ ಇಲ್ಲ. ಆದರೆ ಮುಂದಿನ ಸಾಲಿನಲ್ಲಿ ಕೂತು ಬಲವಂತದ ನಗೆ ನಗಬೇಕಾದವರು ಅವರೇ.

ನಿರೀಕ್ಷೆ ಬಿಗಿಯಾಗುತ್ತಾ ಹೋಗಿ ಥಟ್ಟನೆ ಏನೂ ಇಲ್ಲವಾದಾಗ ನಗು ಬರುತ್ತದೆ ಎಂದು ತತ್ತ್ವಜ್ಞಾನಿ ಕಾಂಟ್ 1790ರಲ್ಲೇ ಬರೆದಿದ್ದ. ಹಳೆಯ ಅತ್ತೆ ಜೋಕು ನಿರೀಕ್ಷೆಯನ್ನು ಕಟ್ಟುತ್ತದೆ, ಮುರಿಯುವುದಿಲ್ಲ. ಮುರಿದರೆ ಹೇಗಿರುತ್ತದೆ ನೋಡಿ. ಸೊಸೆ ಹೇಳುತ್ತಾಳೆ: "ಮದುವೆಯಾದ ಮೂರನೇ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. 'ಈ ಮನೇಲಿ ನೆಮ್ಮದಿಯಾಗಿ ಇರಬೇಕು ಅಂದ್ರೆ ಒಂದು ಮಾತು ನೆನಪಿಟ್ಕೋ' ಅಂದರು. 'ರಾಗಿ ಡಬ್ಬದ ತಳದಲ್ಲಿ ಇರೋದು ಕೋಡುಬಳೆ.'"

ಬಾಗಿಲು ಹಾಕಿದಾಗ ಕೇಳುವವರು ಜಗಳಕ್ಕೆ ಕಾಯುತ್ತಾರೆ. ಹಳೆಯ ಅಚ್ಚು ಇಲ್ಲೂ ಇದೆ, ಆದರೆ ಅದು ಕೇಳುಗರ ತಲೆಯಲ್ಲಿದೆ. ಬೇಸ್ತು ಬೀಳುವುದೂ ಅದೇ. ಇಲ್ಲಿ ಪದಗಳ ಜಾಗ ಬಹಳ ಮುಖ್ಯ. "ತಳದಲ್ಲಿ ಕೋಡುಬಳೆ ಇದೆ" ಎಂದರೆ ಗುಟ್ಟು ಮೊದಲೇ ಬಯಲಾಗಿ, ಕೊನೆಯಲ್ಲಿ ಸಪ್ಪೆ ಕ್ರಿಯಾಪದ ಉಳಿಯುತ್ತದೆ. ಅಚ್ಚರಿಯ ಪದವನ್ನೇ ಕಟ್ಟಕಡೆಗೆ ಇಟ್ಟು ಸುಮ್ಮನಾಗಬೇಕು. "ನಮ್ಮತ್ತೆ ಎಷ್ಟು ಒಳ್ಳೆಯವರು ನೋಡಿ" ಎಂದು ವಿವರಣೆ ಸೇರಿಸಿದರೆ ಕೆಟ್ಟಿತು. ಜೋಕು ನಾಟಿದ್ದರೆ ಒಂದು ಕ್ಷಣ ಸದ್ದಿರುವುದಿಲ್ಲ, ಆಮೇಲೆ ನಗು. ಆ ಕ್ಷಣಕ್ಕೆ ಹೆದರಿ ಮಾತು ತುಂಬಬೇಡಿ.

ವೃತ್ತಿಯ ಜೋಕಿಗೂ ಇದೇ ದಾರಿ. ಮೇಷ್ಟ್ರ ಬೀಳ್ಕೊಡುಗೆಯಲ್ಲಿ ಅವರ ಬಡತನ, ಬೆತ್ತ, ಮರೆವು ಎಲ್ಲರೂ ಆಡಿ ಸವೆಸಿದ ಸರಕು. ಅದರ ಬದಲು ಅವರೊಬ್ಬರದೇ ಆದ ಒಂದು ಮಾತನ್ನು ನೆನಪಿಸಿಕೊಳ್ಳಿ: "ನಮ್ಮ ಮೇಷ್ಟ್ರು ಮೂವತ್ತು ವರ್ಷ ದಿನಾ ಹೇಳಿದ್ದು, 'ಇದೇ ಕೊನೇ ಸಲ ಹೇಳ್ತಿರೋದು' ಅಂತ. ಅದು ನಿಜವಾಗಿದ್ದು ಇವತ್ತು." ಇದು ಬೇರೆ ಮೇಷ್ಟ್ರಿಗೆ ಹೊಂದುವುದಿಲ್ಲ, ಹಾಗಾಗಿಯೇ ಅವರಿಗೆ ಮುಟ್ಟುತ್ತದೆ.

ಅಚ್ಚರಿಯ ಜೋಕಿಗೆ ಒಂದು ಮಿತಿಯಿದೆ. ಒಂದೇ ಗುಂಪಿನೆದುರು ಅದು ಎರಡನೇ ಸಲ ನಡೆಯುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಆ ಮನುಷ್ಯರನ್ನು ನೋಡಬೇಕು, ಅವರ ಮಾತು ಕೇಳಿಸಿಕೊಂಡಿರಬೇಕು. ಮುಂದಿನ ಸಮಾರಂಭದಲ್ಲಿ ಮೈಕು ನಿಮ್ಮ ಕೈಗೆ ಬರುವುದಿದ್ದರೆ, ಹಿಂದಿನ ದಿನವೇ ಜೋಕನ್ನು ಬರೆದು ಆ ಅತ್ತೆಗೋ ಮೇಷ್ಟ್ರಿಗೋ ಹತ್ತಿರದವರೊಬ್ಬರಿಗೆ ಓದಿ ಹೇಳಿ. ಅವರು ನಗದಿದ್ದರೆ ಅದನ್ನು ಕೈಬಿಟ್ಟು ಇನ್ನೊಂದು ಬರೆಯಿರಿ.