ಬಾಕಿ ಬಿಲ್ಲಿನ ನೆಮ್ಮದಿ

ಹಲವರಿಗೆ ದುಡಿಯುವವನು ಫ್ರೀಲ್ಯಾನ್ಸರ್. ಒಬ್ಬರಿಗೇ ದುಡಿಯುವವನು ಪಿಎಫ್ ಇಲ್ಲದ ನೌಕರ.

ಮೈಸೂರಿನ ಅನುವಾದಕಿಯೊಬ್ಬರ ತಿಂಗಳ ಗಳಿಕೆ 60,000 ರೂಪಾಯಿ. ಅದರಲ್ಲಿ 42,000 ಒಂದೇ ಕಂಪನಿಯದು; ಅದರ ಆ್ಯಪ್‌ಗೆ, ಸಹಾಯ ಪುಟಗಳಿಗೆ ಕನ್ನಡ ಒದಗಿಸುವ ಕೆಲಸ. ಮಿಕ್ಕ 18,000 ಆಕೆಯ ಬಾಯಲ್ಲಿ ಚಿಲ್ಲರೆ. ಕಷ್ಟ ಬಂದಾಗ ಮನೆ ಬಾಡಿಗೆ ಕಟ್ಟಿದ್ದು ಆ ಚಿಲ್ಲರೆಯೇ.

ಜೂನ್ ಮೊದಲ ವಾರ ಎರಡು ಸಾಲಿನ ಇಮೇಲ್ ಬಂತು: ಇನ್ನು ಈ ಕೆಲಸವನ್ನು ಕಂಪನಿಯ ಒಳಗಿನವರೇ ನೋಡಿಕೊಳ್ಳುತ್ತಾರೆ. ಅನುವಾದದಲ್ಲಿ ದೋಷವಿರಲಿಲ್ಲ. ಒಳ್ಳೆಯ ಕೆಲಸ ಹೆಸರನ್ನು ಕಾಪಾಡೀತು. ಬೇರೆಯವರ ಬಜೆಟ್ಟನ್ನು ಕಾಪಾಡಲಾರದು.

ಕ್ಲೈಂಟ್ ಹೋದ ಸುದ್ದಿ ಬ್ಯಾಂಕ್ ಖಾತೆಗೆ ತಡವಾಗಿ ತಲುಪುತ್ತದೆ. ಏಪ್ರಿಲ್ ಬಿಲ್ಲಿನ ಹಣ ಜೂನ್‌ನಲ್ಲಿ ಬಂತು, ಮೇ ಬಿಲ್ಲಿನದು ಜುಲೈನಲ್ಲಿ. ಕೆಲಸ ನಿಂತದ್ದು ಜೂನ್‌ನಲ್ಲಾದರೂ ಖಾತೆ ಬರಿದಾಗುವುದು ಆಗಸ್ಟ್‌ನಲ್ಲಿ. ನಡುವಿನ ಎರಡು ತಿಂಗಳ ನೆಮ್ಮದಿಯನ್ನು ನಂಬಿದವರೇ ಮುಳುಗುತ್ತಾರೆ.

ಹೊಸ ಹಣವೂ ಅಷ್ಟೇ ನಿಧಾನ. ಪರಿಚಯ, ಮಾದರಿ, ದರದ ಮಾತು, ಆರ್ಡರ್, ಕೆಲಸ, ಬಿಲ್ಲು, ಪಾವತಿ: ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ. ಇಂದು ಬರೆದ ಪತ್ರ ದುಡ್ಡಾಗಲು ಮೂರು ತಿಂಗಳು ಬೇಕಾದೀತು. ಯಾರು ಯಾವ ಹಂತದಲ್ಲಿದ್ದಾರೆ ಎಂಬ ಲೆಕ್ಕಕ್ಕೇ ಪೈಪ್‌ಲೈನ್ ಎಂದು ಹೆಸರು.

ಮೊದಲ ತಿಂಗಳು ಆಕೆ ತೆರೆದದ್ದು ಹಳೆಯ ಬಿಲ್ಲುಗಳ ಕಡತ. ಮೂರು ವರ್ಷಗಳಲ್ಲಿ ಒಮ್ಮೆಯಾದರೂ ಹಣ ಕೊಟ್ಟವರು 22 ಮಂದಿ. ಒಮ್ಮೆ ಹಣ ಕೊಟ್ಟವರ ಮುಂದೆ ಯೋಗ್ಯತೆಯನ್ನು ಮತ್ತೆ ಸಾಬೀತು ಮಾಡಬೇಕಿಲ್ಲ. ಇದ್ದೇವೆಂದು ನೆನಪಿಸಿದರೆ ಸಾಕು.

'ಕೆಲಸ ಇದ್ದರೆ ಹೇಳಿ' ಎಂಬ ಪತ್ರಕ್ಕೆ 'ಹೇಳುತ್ತೇವೆ' ಎಂಬುದೇ ಉತ್ತರ. ಆಕೆ ಹೀಗೆ ಬರೆದರು: 'ಜುಲೈನಲ್ಲಿ ವಾರಕ್ಕೆ 5,000 ಪದಗಳಷ್ಟು ಬಿಡುವಿದೆ. ನಿಮ್ಮ ಹಳೆಯ ಕೈಪಿಡಿಯ ಹೊಸ ಆವೃತ್ತಿ ಇದೆಯೇ?' ಅಳತೆ ಇರುವ ಪ್ರಶ್ನೆಗೆ ಅಳತೆ ಇರುವ ಉತ್ತರ ಬರುತ್ತದೆ.

ಮೊದಲ ಪತ್ರಕ್ಕೆ ಉತ್ತರಿಸಿದವರು ನಾಲ್ವರು. ಹತ್ತು ದಿನ ಬಿಟ್ಟು ಕಳಿಸಿದ ನೆನಪೋಲೆಗೆ ಇನ್ನೈವರು. ಮೌನವನ್ನು ನಿರಾಕರಣೆ ಎಂದು ಓದಿಕೊಳ್ಳುವುದು ಅಭಿಮಾನದ ಚಟ. ಎದುರಿನವರು ಬಹುಪಾಲು ಮರೆತಿರುತ್ತಾರೆ, ಅಷ್ಟೇ.

ಎರಡನೆಯ ತಿಂಗಳು ಮಾದರಿಗಳದು. 300 ಪದಗಳನ್ನು ಉಚಿತವಾಗಿ ಮಾಡಿಕೊಟ್ಟರೆ ಅದು ಪರೀಕ್ಷೆ. 3,000 ಪದ ಕೇಳುವವರಿಗೆ ಬೇಕಾದದ್ದು ಪುಕ್ಕಟೆ ಅನುವಾದ.

ಪದಕ್ಕೆ 2 ರೂಪಾಯಿ ಆಕೆಯ ದರ. ಹೊಸಬರೊಬ್ಬರ ಬಳಿ 10,000 ಪದಗಳಿದ್ದವು, 12,000 ರೂಪಾಯಿ ಮಾತ್ರ ಇತ್ತು. ಆಕೆ ದರ ಇಳಿಸಲಿಲ್ಲ, ಕೆಲಸ ಇಳಿಸಿದರು: ಅಷ್ಟು ಹಣಕ್ಕೆ ಮುಖ್ಯವಾದ 6,000 ಪದ ಈಗ, ಉಳಿದದ್ದು ಹಣ ಒದಗಿದಾಗ. ಅವರು ಒಪ್ಪಿದರು.

ಹಸಿವಿನಲ್ಲಿ ಒಪ್ಪಿದ ದರ ಹೊಟ್ಟೆ ತುಂಬಿದ ಮೇಲೂ ಬಿಡುವುದಿಲ್ಲ.

ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗೆ, ಒಪ್ಪಂದ ಏನೇ ಹೇಳಲಿ, 45 ದಿನ ಮೀರದಂತೆ ಹಣ ಕೊಡಬೇಕೆನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ. ಮೀರಿದರೆ ಬಡ್ಡಿ ಕೇಳಬಹುದು. ಆದರೆ ಬಡ್ಡಿ ಕೇಳಿದ ಮೇಲೆ ಕ್ಲೈಂಟ್ ಉಳಿಯುವುದು ಅಪರೂಪ. ಆಕೆ ಅರ್ಧ ಹಣ ಮುಂಗಡ ಕೇಳಿದರು. ಕಾಯ್ದೆ ಜಗಳಕ್ಕೆ ಆಸರೆ. ಮುಂಗಡ ಜಗಳವನ್ನೇ ತಪ್ಪಿಸುತ್ತದೆ.

ಮುಂಗಡ ಕೊಡಲು ಹಿಂಜರಿಯುವವರು ಬಾಕಿ ಕೊಡಲೂ ಹಿಂಜರಿಯುತ್ತಾರೆ. ಕೆಲಸ ಶುರುವಾಗುವ ಮುನ್ನವೇ ಇದು ತಿಳಿದರೆ ಲಾಭ.

ಆಗಸ್ಟ್ ಕೊನೆಗೆ ಬರೆದ ಬಿಲ್ಲುಗಳ ಮೊತ್ತ 52,000. ಹಳೆಯ ಚಿಲ್ಲರೆ 18,000. ಹೊಸದಾಗಿ ಕೂಡಿದ್ದು 14,000, 12,000 ಮತ್ತು 8,000. ಮೂರರಲ್ಲಿ ಎರಡು ಕೆಲಸ ಹಳೆಯ ಕಡತದವರವೇ. ಮೂರನೆಯದನ್ನು ತೋರಿಸಿದ್ದೂ ಕಡತದ ಒಬ್ಬರೇ.

ಗಳಿಕೆ 8,000 ಕಡಿಮೆಯಾಯಿತು. ಅತಿ ದೊಡ್ಡ ಕ್ಲೈಂಟಿನ ಪಾಲು ಶೇಕಡಾ 70ರಿಂದ 27ಕ್ಕೆ ಇಳಿಯಿತು. ಮೊದಲನೆಯದನ್ನು ನಷ್ಟ ಎನ್ನುವವರು ಎರಡನೆಯದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೋ ಯೋಚಿಸಲಿ.

ಈಗ ಆಕೆ ಪ್ರತಿ ಸೋಮವಾರ ಎರಡು ಪತ್ರ ಬರೆಯುತ್ತಾರೆ, ಕೈತುಂಬ ಕೆಲಸವಿರುವ ವಾರದಲ್ಲೂ. ಕೆಲಸವಿಲ್ಲದಾಗ ಹುಡುಕಲು ಹೊರಟವರು ಮೂರು ತಿಂಗಳು ತಡವಾಗಿ ಹೊರಟಿರುತ್ತಾರೆ.

ಕಳೆದ ಆರು ತಿಂಗಳ ನಿಮ್ಮ ಬಿಲ್ಲುಗಳನ್ನು ಕೂಡಿ ನೋಡಿ. ಒಬ್ಬರ ಪಾಲೇ ಅರ್ಧ ದಾಟಿದ್ದರೆ, ಇಮೇಲ್ ಬರುವವರೆಗೆ ಕಾಯಬೇಡಿ. ಮೊದಲ ಪತ್ರ ಇಂದೇ ಬರೆಯಿರಿ.