ಏರಿದ ಕೂಲಿ ಇಳಿಯದೇಕೆ?

ಒಳ್ಳೆಯ ಮಳೆಯಾದ ವರ್ಷ ಕಳೆ ಕೀಳಲು, ಕೊಯ್ಲಿಗೆ ಆಳು ಸಿಗುವುದು ಕಷ್ಟ. 400 ರೂಪಾಯಿ ಇದ್ದ ದಿನಗೂಲಿ 450 ಆಯಿತೆನ್ನಿ. ಮರುವರ್ಷ ಮಳೆ ಎಂದಿನಷ್ಟೇ, ಹೊಲದ ಕೆಲಸವೂ ಎಂದಿನಷ್ಟೇ. ಹಾಗಾದರೆ ಕೂಲಿ ಮತ್ತೆ 400ಕ್ಕೆ ಬರಬೇಕಲ್ಲ? ಬರುವುದಿಲ್ಲ. ರೈತ 450ನ್ನೇ ಕೊಡುತ್ತಾನೆ, ಆದರೆ ಕಡಿಮೆ ಆಳುಗಳನ್ನು ಕರೆಯುತ್ತಾನೆ.

ಅರ್ಥಶಾಸ್ತ್ರಜ್ಞೆ ಸುಪ್ರೀತ್ ಕೌರ್ ಭಾರತದ ಸುಮಾರು 600 ಜಿಲ್ಲೆಗಳಲ್ಲಿ 1956ರಿಂದ 2009ರವರೆಗಿನ ಮಳೆ ಮತ್ತು ಕೃಷಿ ಕೂಲಿಯ ಲೆಕ್ಕ ಹಾಕಿ ಕಂಡದ್ದೂ ಇದನ್ನೇ. ಒಳ್ಳೆಯ ಮಳೆಗೆ ಕೂಲಿ ಏರುತ್ತದೆ, ಬರ ಬಂದರೆ ಇಳಿಯುವುದಿಲ್ಲ. ಸುಗ್ಗಿಯ ಮರುವರ್ಷ, ಆ ಸುಗ್ಗಿ ಬಾರದೇ ಇದ್ದಿದ್ದರೆ ಸಿಗುತ್ತಿದ್ದುದಕ್ಕಿಂತ 9% ಕಡಿಮೆ ಕೆಲಸ ಸಿಗುತ್ತದೆ. ಅಂದರೆ ಹಿಂಜರಿತದ ಹೊಡೆತ ಬೀಳುವುದು ಕೂಲಿಯ ಮೇಲಲ್ಲ, ಕೆಲಸದ ದಿನಗಳ ಮೇಲೆ.

ಕಾರ್ಖಾನೆಯಲ್ಲಾದರೆ ಕಾರ್ಮಿಕ ಸಂಘವನ್ನೋ ಒಪ್ಪಂದವನ್ನೋ ಕಾರಣವೆನ್ನಬಹುದು. ಹೊಲದ ದಿನಗೂಲಿಗೆ ಕರಾರುಪತ್ರವೂ ಇಲ್ಲ, ಸಂಘವೂ ಇಲ್ಲ. ಮತ್ತೆ ತಡೆಯುವವರು ಯಾರು? ಕೌರ್ ಮತ್ತು ಸಹೋದ್ಯೋಗಿಗಳು ಒಡಿಶಾದ ಹಳ್ಳಿಗಳಲ್ಲಿ ಪರೀಕ್ಷಿಸಿ ನೋಡಿದರು. ಕೆಲಸವಿಲ್ಲದ ದಿನಗಳಲ್ಲಿ, ಊರಲ್ಲಿ ನಡೆಯುತ್ತಿದ್ದ ದರಕ್ಕಿಂತ ಕಡಿಮೆ ಕೂಲಿಗೆ ಜನರನ್ನು ಕರೆದರು. ಮನೆಯೊಳಗೆ ಗುಟ್ಟಾಗಿ ಕೇಳಿದಾಗ ಕೆಲವರು ಒಪ್ಪಿದರು. ಅಕ್ಕಪಕ್ಕದವರ ಎದುರಿಗೆ ಕೇಳಿದಾಗ ಒಪ್ಪಿದವರು ಇಲ್ಲವೆನ್ನುವಷ್ಟು ಕಡಿಮೆ. ದರ ಮುರಿದವನು ಊರಿನ ಕಣ್ಣಲ್ಲಿ ದ್ರೋಹಿ. ಬರೆಯದ ಈ ನಿಯಮವೇ ಸಂಘದ ಕೆಲಸ ಮಾಡುತ್ತದೆ. ಮಾಲೀಕರಿಗೂ ಅದರ ಅರಿವಿದೆ: ಕೂಲಿ ಇಳಿಸಿದರೆ, ಆಳು ಬಂದರೂ ಕೈ ನಿಧಾನವಾಗುತ್ತದೆ.

ವಿಚಿತ್ರವೆಂದರೆ, ಈ ನ್ಯಾಯಪ್ರಜ್ಞೆ ಲೆಕ್ಕ ಇಡುವುದು ರೂಪಾಯಿಯಲ್ಲಿ, ಆ ರೂಪಾಯಿಗೆ ಬರುವ ಅಕ್ಕಿಯಲ್ಲಲ್ಲ. 1986ರಲ್ಲಿ ಪ್ರಕಟವಾದ, ಕೆನಡಾದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಮನಶ್ಶಾಸ್ತ್ರಜ್ಞ ಕಾನೆಮನ್ ಮತ್ತು ಸಂಗಡಿಗರು ಕೇಳಿದ್ದರು: ಹಣದುಬ್ಬರವಿಲ್ಲದಾಗ ಸಂಬಳ 7% ಇಳಿಸಿದರೆ? 62% ಜನ ಅದು ಅನ್ಯಾಯವೆಂದರು. ಹಣದುಬ್ಬರ 12% ಇರುವಾಗ ಸಂಬಳ 5% ಏರಿಸಿದರೆ? 78% ಜನಕ್ಕೆ ಅದು ಒಪ್ಪಿಗೆಯಾಯಿತು. ನಷ್ಟ ಎರಡರಲ್ಲೂ ಹೆಚ್ಚುಕಡಿಮೆ ಒಂದೇ! ಹಾಗಾಗಿಯೇ ಬೆಲೆಯೇರಿಕೆ ಜೋರಾಗಿರುವ ವರ್ಷಗಳಲ್ಲಿ ಕೂಲಿಯ ಬಿಗಿ ಸಡಿಲವಾಗುತ್ತದೆ. ದರ 450ರಲ್ಲೇ ನಿಂತಿರುತ್ತದೆ, ಅದರ ಬೆಲೆ ಸದ್ದಿಲ್ಲದೆ ಕರಗುತ್ತದೆ, ಯಾರೂ ದ್ರೋಹಿಯಾಗುವುದಿಲ್ಲ. ಹಣದುಬ್ಬರ ಸೊನ್ನೆಯ ಹತ್ತಿರವಿದ್ದಾಗ ಈ ದಾರಿ ಮುಚ್ಚಿರುತ್ತದೆ.

ಅಂಗಡಿಯ ಬೆಲೆಗೂ ಇದೇ ಬಿಗಿ. ಕೂಲಿ ಇಳಿಯದಿದ್ದರೆ ಸರಕಿನ ಖರ್ಚು ಇಳಿಯದು. ಇಳಿದರೂ ವ್ಯಾಪಾರಿ ಪಟ್ಟಿಯ ದರ ತಿದ್ದಲು ಹಿಂಜರಿಯುತ್ತಾನೆ, ನಾಳೆ ಏರಿಸಿದಾಗ ಗಿರಾಕಿ ಮುನಿಸಿಕೊಳ್ಳುತ್ತಾನೆಂದು. ರಿಯಾಯಿತಿಯ ಬೋರ್ಡು ತೂಗುಹಾಕುವುದು ಅದಕ್ಕೇ: ಅದನ್ನು ಯಾವಾಗ ಬೇಕಾದರೂ ಇಳಿಸಬಹುದು.

ಇನ್ನು ಕರೆ ಬಾರದ ಆಳುಗಳು. ತುಂಡು ಜಮೀನು ಇದ್ದವರು ಆ ದಿನಗಳಲ್ಲಿ ಸ್ವಂತ ಹೊಲದಲ್ಲೇ ಹೆಚ್ಚು ದುಡಿಯುತ್ತಾರೆ ಎಂದು ಕೌರ್ ಅವರ ಲೆಕ್ಕ ತೋರಿಸುತ್ತದೆ. ನೋಡುವವರಿಗೆ ಅವರು ಖಾಲಿ ಕೂತಂತೆ ಕಾಣುವುದಿಲ್ಲ.