ತಲುಪದ ಪ್ರೀತಿಗೆ ಹೊಣೆ ಯಾರು?

ಒಬ್ಬರು ಪ್ರೀತಿಯಿಂದ ಮಾಡಿದ್ದು ಇನ್ನೊಬ್ಬರಿಗೆ ಪ್ರೀತಿಯಾಗಿ ಕಾಣಿಸದೇ ಹೋದರೆ, ಆ ಪ್ರೀತಿಯನ್ನು ಕೊಟ್ಟಂತಾಯಿತೇ? ಕೊಟ್ಟವರ ಕಡೆಯಿಂದ ನೋಡಿದರೆ ಕೊಟ್ಟಾಗಿದೆ. ಪಡೆಯಬೇಕಾದವರ ಕಡೆಯಿಂದ ನೋಡಿದರೆ ಏನೂ ಬಂದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎಷ್ಟೋ ದಾಂಪತ್ಯಗಳ ಹಳೆಯ ಮುನಿಸು ಈ ಎರಡು ನಿಜಗಳ ನಡುವೆ ಕೂತಿರುತ್ತದೆ. ಇದನ್ನು ‘ಅವರವರ ಸ್ವಭಾವ’ ಎಂದು ನಾವು ಬೇಗ ಬದಿಗಿಡುತ್ತೇವೆ. ಆದರೆ ಇದರಲ್ಲಿ ಯಾರು ಯಾರಿಗೆ ಏನನ್ನು ಸಲ್ಲಿಸಬೇಕು ಎಂಬ ನೈತಿಕ ಪ್ರಶ್ನೆಯೂ ಇದೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡನಿಗೆ ಹಾರ್ಡ್‌ವೇರ್ ಅಂಗಡಿ, ಹೆಂಡತಿ ಹೈಸ್ಕೂಲ್ ಶಿಕ್ಷಕಿ. ಮದುವೆಯಾಗಿ ಹನ್ನೆರಡು ವರ್ಷ. ಆಕೆಯ ಸ್ಕೂಟರಿನ ಪೆಟ್ರೋಲ್ ಮುಳ್ಳು ಎಂದೂ ಕೆಂಪಿಗೆ ಇಳಿದಿಲ್ಲ, ಏಕೆಂದರೆ ಎರಡು ದಿನಕ್ಕೊಮ್ಮೆ ರಾತ್ರಿ ಅವನೇ ಬಂಕಿಗೆ ಹೋಗಿ ಬರುತ್ತಾನೆ. ಭಾನುವಾರ ಚಕ್ರದ ಗಾಳಿ ನೋಡುತ್ತಾನೆ. ಮಾವನ ಬಿ.ಪಿ. ಮಾತ್ರೆ ಮುಗಿಯುವ ಮೊದಲೇ ತಂದಿಡುತ್ತಾನೆ. ಆಕೆ ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಫೋನ್ ಮಾಡಿ ‘ಊಟ ಆಯ್ತಾ?’ ಎಂದು ಕೇಳುತ್ತಾಳೆ. ರಾತ್ರಿ ಎಷ್ಟೇ ತಡವಾದರೂ ಅವನು ಬರುವವರೆಗೆ ಉಣ್ಣದೆ ಕಾಯುತ್ತಾಳೆ. ಅಂಗಡಿಯಲ್ಲಿ ಏನಾಯಿತು ಎಂದು ವಿಚಾರಿಸುತ್ತಾಳೆ.

ಆಕೆಯ ದೂರು ಹೀಗಿದೆ: ‘ಇಷ್ಟು ವರ್ಷದಲ್ಲಿ ಒಂದು ದಿನ ನೀನು ಹೇಗಿದ್ದೀಯ ಅಂತ ಕೇಳಲಿಲ್ಲ.’ ಅವನದು: ‘ಎಲ್ಲಾ ನಾನೇ ನೋಡ್ಕೋತೀನಿ, ಒಂದು ಒಳ್ಳೆ ಮಾತಿಲ್ಲ.’ ಆಕೆಗೆ ಪೆಟ್ರೋಲ್ ಬರೀ ಪೆಟ್ರೋಲ್. ಅವನಿಗೆ ಗಿರಾಕಿಗಳ ನಡುವೆ ಬರುವ ಆ ಫೋನ್ ಒಂದು ವಿಚಾರಣೆ.

ಇಬ್ಬರ ಲೆಕ್ಕ ಹೀಗೆ ತಪ್ಪುವುದು ಸ್ವಾರ್ಥದಿಂದ ಎಂದು ಹೇಳುವುದು ಸುಲಭ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನ ಬೇರೆ ಮಾತು ಹೇಳುತ್ತದೆ. ಅವರು ಕೆನಡಾದಲ್ಲಿ 37 ದಂಪತಿಗಳನ್ನು ಕೇಳಿದರು: ಮನೆಯ 20 ಸಂಗತಿಗಳಲ್ಲಿ ನಿಮ್ಮ ಪಾಲೆಷ್ಟು? ಗಂಡ ಹೆಂಡತಿ ಬೇರೆ ಬೇರೆಯಾಗಿ ಹೇಳಿದ ಪಾಲುಗಳನ್ನು ಕೂಡಿಸಿದರೆ, 16 ಸಂಗತಿಗಳಲ್ಲಿ ಮೊತ್ತ ನೂರಕ್ಕಿಂತ ಹೆಚ್ಚಾಯಿತು. ಗಮನಿಸಬೇಕಾದದ್ದು ಏನೆಂದರೆ, ಪಟ್ಟಿಯಲ್ಲಿ ಪಾತ್ರೆ ತೊಳೆಯುವಂಥ ಒಳ್ಳೆಯ ಕೆಲಸಗಳ ಜೊತೆ ಜಗಳ ಶುರುಮಾಡುವುದೂ ಇತ್ತು. ಜಂಬವೊಂದೇ ಕಾರಣವಾಗಿದ್ದರೆ ಕೆಟ್ಟದ್ದರಲ್ಲಿ ಜನ ತಮ್ಮ ಪಾಲನ್ನು ಕಡಿಮೆ ಹೇಳಬೇಕಿತ್ತು. ಹಾಗೆ ಆಗಲಿಲ್ಲ. ನಾವು ಮಾಡಿದ್ದು ನಮ್ಮ ನೆನಪಿಗೆ ಸುಲಭವಾಗಿ ಬರುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ಸುಲಭವಾಗಿ ಬರುವುದಿಲ್ಲ ಎಂಬುದೇ ಅವರು ಕೊಟ್ಟ ವಿವರಣೆ.

ನಮ್ಮ ದಂಪತಿಗೆ ಇದನ್ನು ಹೊಂದಿಸಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ರಾತ್ರಿ ಒಂಬತ್ತೂವರೆಗೆ ದಣಿದು ಬಂದು ಮತ್ತೆ ಬಂಕಿಗೆ ಹೋಗುವ ಬೇಸರ ಅವನಿಗೆ ಗೊತ್ತು. ಬೆಳಿಗ್ಗೆ ಆಕೆಗೆ ಕಾಣುವುದು ಸ್ಟಾರ್ಟ್ ಆಗುವ ಸ್ಕೂಟರ್ ಮಾತ್ರ. ಈ ಬಗೆಯ ಆರೈಕೆ ಯಶಸ್ವಿಯಾದಾಗ ಏನೂ ನಡೆಯುವುದಿಲ್ಲ. ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ, ಮಾತ್ರೆ ತಪ್ಪುವುದಿಲ್ಲ. ಅವನು ವಾರಗಟ್ಟಲೆ ಊರಿಗೆ ಹೋದಾಗ ಸ್ಕೂಟರ್ ನಿಂತರೆ, ಹನ್ನೆರಡು ವರ್ಷದ ಪೆಟ್ರೋಲ್ ಮೊದಲ ಸಲ ಆಕೆಯ ಕಣ್ಣಿಗೆ ಬೀಳುತ್ತದೆ. ಆಕೆ ಮೌಲ್ಯಮಾಪನಕ್ಕೆ ಹೋಗಿ ಫೋನ್ ನಿಂತ ದಿನ ಅವನೂ ಒಂದೂವರೆಗೆ ಮೊಬೈಲ್ ನೋಡಿಕೊಳ್ಳುತ್ತಾನೆ. ಅಂದರೆ ಇಬ್ಬರಿಗೂ ಅದು ತಲುಪುತ್ತಿತ್ತು, ಆದರೆ ಕೊಡುಗೆ ಎಂಬ ಹೆಸರಿನಲ್ಲಿ ತಲುಪುತ್ತಿರಲಿಲ್ಲ.

ಇಂಥ ಕಡೆ ಈಗ ಎಲ್ಲರ ಬಾಯಲ್ಲಿರುವ ಪರಿಹಾರ ‘ಪ್ರೀತಿಯ ಭಾಷೆ’. ಅಮೆರಿಕದ ಪಾದ್ರಿ ಗ್ಯಾರಿ ಚಾಪ್‌ಮನ್ 1992ರ ಪುಸ್ತಕದಲ್ಲಿ ಐದು ಭಾಷೆಗಳನ್ನು ಹೆಸರಿಸಿದರು: ಒಳ್ಳೆಯ ಮಾತು, ಜೊತೆಗೆ ಕಳೆಯುವ ಸಮಯ, ಉಡುಗೊರೆ, ಸೇವೆ, ಸ್ಪರ್ಶ. ಪ್ರತಿಯೊಬ್ಬರಿಗೂ ಒಂದು ಮುಖ್ಯ ಭಾಷೆ ಇರುತ್ತದೆ, ಸಂಗಾತಿ ಅದನ್ನು ಕಲಿಯಬೇಕು ಎಂಬುದು ಅವರ ವಾದ. 2024ರಲ್ಲಿ ಎಮಿಲಿ ಇಂಪೆಟ್ ಮತ್ತು ಸಹಲೇಖಕರು ಲಭ್ಯ ಸಂಶೋಧನೆಯನ್ನು ಪರಿಶೀಲಿಸಿ, ಈ ‘ಒಂದೇ ಮುಖ್ಯ ಭಾಷೆ’ಗೆ ಗಟ್ಟಿ ಆಧಾರವಿಲ್ಲ ಎಂದು ತೋರಿಸಿದರು. ಐದರಲ್ಲಿ ಒಂದನ್ನು ಆರಿಸಿ ಎಂದರೆ ಜನ ಒಂದನ್ನು ಆರಿಸುತ್ತಾರೆ. ಪ್ರತಿಯೊಂದು ಎಷ್ಟು ಮುಖ್ಯ ಎಂದು ಬಿಡಿಯಾಗಿ ಕೇಳಿದರೆ ಎಲ್ಲವೂ ಮುಖ್ಯ ಎನ್ನುತ್ತಾರೆ. ನನಗೆ ಇದು ಸರಿ ಎನಿಸುತ್ತದೆ. ಆ ಶಿಕ್ಷಕಿಗೆ ಪೆಟ್ರೋಲೂ ಬೇಕು, ಮಾತೂ ಬೇಕು. ‘ನನ್ನ ಭಾಷೆ ಸೇವೆ’ ಎಂದುಬಿಟ್ಟರೆ ಅವನು ಇನ್ನು ಮಾತಾಡದೇ ಇರುವುದಕ್ಕೆ ಒಂದು ಸರ್ಟಿಫಿಕೇಟ್ ಸಿಕ್ಕಂತೆ.

ಭಾಷೆಯ ಹೋಲಿಕೆಯಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದಿದೆ. ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಅವನ ಕಡೆ ಪೆಟ್ರೋಲ್, ಗಾಳಿ, ಮಾತ್ರೆ. ಆಕೆಯ ಕಡೆ ಫೋನ್, ಕಾಯುವಿಕೆ, ವಿಚಾರಿಸುವುದು. ಆ ಮನೆಯಲ್ಲಿ ಬೆಳಗಿನ ತಿಂಡಿ, ಎರಡು ಡಬ್ಬಿ, ರಾತ್ರಿಯ ಅಡುಗೆ, ಪಾತ್ರೆ ಇವೂ ಆಕೆಯದೇ. ಅವನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಆಕೆಯೂ ಹಿಡಿಯಲಿಲ್ಲ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರ ‘ದಿ ಸೆಕೆಂಡ್ ಶಿಫ್ಟ್’ ಪುಸ್ತಕದಲ್ಲಿ ಇದನ್ನು ಕೃತಜ್ಞತೆಯ ಅರ್ಥವ್ಯವಸ್ಥೆ ಎಂದು ಕರೆದರು. ಯಾವುದು ಕರ್ತವ್ಯ, ಯಾವುದು ಅದಕ್ಕೂ ಮೀರಿದ ಕೊಡುಗೆ ಎಂದು ನಾವು ಮೊದಲೇ ಗೆರೆ ಎಳೆದುಕೊಂಡಿರುತ್ತೇವೆ. ಗೆರೆಯ ಆಚೆ ಇರುವುದಕ್ಕೆ ಮಾತ್ರ ಮೆಚ್ಚುಗೆ ಹುಟ್ಟುತ್ತದೆ. ಅದೇ ಗಂಡ ಒಂದು ಭಾನುವಾರ ಅಡುಗೆ ಮಾಡಿದರೆ ನೆಂಟರಿಗೆಲ್ಲ ಸುದ್ದಿಯಾಗುತ್ತದೆ.

ಹಾಗಾಗಿ ‘ಇಬ್ಬರೂ ಬೇರೆ ರೀತಿ ಪ್ರೀತಿಸುತ್ತಾರೆ, ಇಬ್ಬರೂ ಸಮಾನ ನೊಂದಿದ್ದಾರೆ’ ಎಂಬ ತೀರ್ಪು ಕೊಡುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಯಾವ ಕೆಲಸ ಮಾಡಿದಾಗ ಮಾತಿಲ್ಲವೋ, ನಿಂತ ದಿನ ಮಾತ್ರ ‘ಯಾಕೆ ಮಾಡಿಲ್ಲ?’ ಎಂಬ ಪ್ರಶ್ನೆ ಬರುತ್ತದೋ, ಅದು ಕರ್ತವ್ಯದ ಖಾತೆಗೆ ಸೇರಿಬಿಟ್ಟಿದೆ. ಪೆಟ್ರೋಲ್ ಇಲ್ಲದ ದಿನ ಆಕೆ ‘ಪಾಪ, ದಿನಾ ಅವರೇ ಹಾಕಿಸ್ತಿದ್ರು’ ಎಂದುಕೊಳ್ಳಬಹುದು. ಅಡುಗೆ ಇಲ್ಲದ ದಿನ ಆಕೆಗೆ ಸಿಗುವುದು ಪ್ರಶ್ನೆ. ಮೊದಲನೆಯದು ಗುರುತಿಸುವಿಕೆಯ ಕೊರತೆ, ಗಮನದಿಂದ ತುಂಬಬಹುದು. ಎರಡನೆಯದು ಹಂಚಿಕೆಯ ಅನ್ಯಾಯ. ಅದಕ್ಕೆ ಹೊಗಳಿಕೆ ಸಾಲದು, ಸೌಟನ್ನೇ ಹಂಚಿಕೊಳ್ಳಬೇಕು.

ಮೊದಲನೆಯದನ್ನು ತುಂಬುವ ಹೊಣೆ ಯಾರದು? ಪಡೆಯುವವರದೇ ಹೆಚ್ಚು ಎಂದು ನನಗನಿಸುತ್ತದೆ. ಕೊಡುವವರು ‘ನೋಡು, ನಾನು ಮಾಡಿದೆ’ ಎಂದು ತಾವೇ ತೋರಿಸಿದ ಕ್ಷಣ ಕೊಡುಗೆ ಹಂಗಾಗಿ ಬದಲಾಗುತ್ತದೆ. ಕನ್ನಡದ ಈ ‘ಹಂಗು’ ಎಂಬ ಮಾತಿನಲ್ಲಿ ಪಡೆದವರ ತಲೆ ತಗ್ಗುವ ನೋವಿದೆ. ಅದೇ ಸಂಗತಿಯನ್ನು ಪಡೆದವರು ಹೇಳಿದರೆ ಯಾರ ತಲೆಯೂ ತಗ್ಗುವುದಿಲ್ಲ. ಕೊಡುವವರ ಮೇಲಿರುವ ಹೊಣೆ ಬೇರೆ: ಸಂಗಾತಿ ಬಾಯಿಬಿಟ್ಟು ಕೇಳಿದ್ದನ್ನು, ತಾವು ಕೊಡುತ್ತಿರುವ ಇನ್ನೇನನ್ನೋ ತೋರಿಸಿ ತಳ್ಳಿಹಾಕಬಾರದು. ಹನ್ನೆರಡು ವರ್ಷದಿಂದ ಒಂದು ಮಾತನ್ನು ಕೇಳುತ್ತಿರುವವಳಿಗೆ ಪೆಟ್ರೋಲ್ ಉತ್ತರವಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ‘ಧನ್ಯವಾದ’ ಹೇಳಿಕೊಳ್ಳುವುದಿಲ್ಲ. ಅದು ಸಭೆಯ ಮಾತು, ಮನೆಯೊಳಗೆ ಬಂದರೆ ದೂರ ಮಾಡುತ್ತದೆ. ‘ಇನ್ನೊಂದು ಸೌಟು ಹಾಕು’ ಎಂಬುದೇ ಹೊಗಳಿಕೆಯಾಗಿರುವ ಕಡೆ ಮೆಚ್ಚುಗೆಗೆ ದೊಡ್ಡ ಪದ ಬೇಕಾಗಿಲ್ಲ. ‘ರಾತ್ರಿ ಅಷ್ಟು ಮಳೇಲಿ ಬಂಕಿಗೆ ಹೋಗಿದ್ರಾ?’ ಎಂದು ಆಕೆ ಕೇಳಿದರೆ ಸಾಕು. ಮಧ್ಯಾಹ್ನದ ಫೋನಿಗೆ ‘ಹ್ಞೂಂ, ಆಯ್ತು’ ಎಂದಷ್ಟೇ ಹೇಳಿ ಇಡುವ ಬದಲು ಅವನು ‘ನಿಂದಾಯ್ತಾ?’ ಎಂದು ಸೇರಿಸಿದರೆ ಸಾಕು.